ಕೆಂಚಿಯನ್ನು ಎಷ್ಟು ಸಲ ಹಿಡಿದೆ?

ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬುದು ನಮ್ಮಜ್ಜಿ ಪಾತಮ್ಮನ ನಂಬಿಕೆ, ಅಜ್ಜಿಯ ನಂಬಿಕೆ ಎಂದರೆ ಮನೆಯ ಕಾನೂನು. ಜಾನುವಾರು ಗಣತಿಯವರು ಬಂದಾಗಲೂ ಅವರಿಗೆ ಮಜ್ಜಿಗೆ ಕುಡಿಸಿ, ಮಕ್ಕಳುಮರಿ ಚೆನ್ನಾಗಿದ್ದಾರಾ ಎಂದು ವಿಚಾರಿಸಿ, "ಬರ್ಕಳಪ್ಪ, ಒಂದಷ್ಟು ಇದಾವೆ" ಎಂದು ಸಾಗಹಾಕಿದ್ದಳು. ಸಂಜೆ ಮಂದೆ ರೊಪ್ಪಕ್ಕೆ, ಅಂದರೆ ಕುರಿದೊಡ್ಡಿಗೆ, ಮರಳುವಾಗ ಅಜ್ಜಿ ಮುಳ್ಳುಬೇಲಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾಳೆ. ಏನಾದರೂ ತಪ್ಪಿಸಿಕೊಂಡಿದ್ದರೆ ಎಷ್ಟು ಕಡಿಮೆ ಎಂದು ಹೇಳುವುದಿಲ್ಲ, ಯಾರು ಬಂದಿಲ್ಲ ಎಂದು ಹೇಳುತ್ತಾಳೆ.

ಇಂಥ ಮನೆಯಲ್ಲಿ ಹುಟ್ಟಿದ ನಾನು ಡೇಟಾ ಸೈನ್ಸ್ ಕಲಿಯುತ್ತೇನೆಂದು ಹಟ ಹಿಡಿದೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗಲು ಇನ್ನೂ ಬೇಕಾದಷ್ಟಿದೆ.

ನನ್ನ ಹೆಸರು ಸ್ವಪ್ನ. ಪರಶುರಾಂಪುರದಿಂದ ನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಹಟ್ಟಿ. ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿ, ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಿಕಾಂ ಹುಡುಗರಿಗೆ ಎಕ್ಸೆಲ್ ಹೇಳಿಕೊಡುತ್ತಿದ್ದೆ. ಅತಿಥಿ ಎಂದು ಹೆಸರಿಟ್ಟಿದ್ದಾರೆ, ಆದರೆ ಉಪಚಾರವನ್ನು ಯಾರೂ ಮಾಡುವುದಿಲ್ಲ. ಬಸ್ಸಿನಲ್ಲಿ ಹೋಗಿಬರುವ ಹೊತ್ತೆಲ್ಲ ಫೋನಿನಲ್ಲಿ ಆನ್‌ಲೈನ್ ಪಾಠ. ಎರಡು ವರ್ಷದಲ್ಲಿ ಹದಿನಾಲ್ಕು ಸರ್ಟಿಫಿಕೇಟು ಬಂದವು. ಅರ್ಜಿ ಹಾಕಿದ ಕಂಪನಿಗಳು ನಲವತ್ತೊಂದು, ಉತ್ತರ ಬರೆದವು ಮೂರು, ಮೂರೂ ಒಂದೇ ಮಾತು: ಈ ಬಾರಿ ಆಗಲಿಲ್ಲ, ಶುಭವಾಗಲಿ. ಆಗದಿರುವುದಕ್ಕೆ ಕಾರಣವೂ ನನಗೆ ಗೊತ್ತಿತ್ತು. ಪಾಠದವರು ಅಭ್ಯಾಸಕ್ಕೆ ಕೊಟ್ಟ ಮನೆಬೆಲೆ ಅಂದಾಜಿಸುವ ಲೆಕ್ಕವನ್ನೇ ನಾನೂ ಮಾಡಿ ತೋರಿಸಿದ್ದೆ, ದೇಶದ ಸಾವಿರಾರು ಜನರೂ ಅದನ್ನೇ ತೋರಿಸಿದ್ದರು.

ಅಪ್ಪ ಚಿಕ್ಕೀರಪ್ಪನಿಗೆ ಆ ಹದಿನಾಲ್ಕು ಸರ್ಟಿಫಿಕೇಟುಗಳ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ. "ಇವು ರೀಚಾರ್ಜ್ ಮಾಡಿಸಿದ್ ಚೀಟಿ ಇದ್ದಂಗೆ ಇದಾವೆ. ಮಾಸ್ತರಿಲ್ಲ, ಬೆಂಚಿಲ್ಲ, ಒಬ್ರೂ ನಿನ್ ಮಖ ನೋಡಿಲ್ಲ. ಅದೆಂಗೆ ಓದಾಗ್ತೈತೆ?" ಎನ್ನುತ್ತಿದ್ದ. ಅಪ್ಪ ಓದಿದ್ದು ಏಳನೇ ತರಗತಿ. ಅದೂ ಮಾಸ್ತರು ಬೆತ್ತ ಹಿಡಿದು ಮುಖ ನೋಡಿ ಓದಿಸಿದ್ದು. ಹಾಗಾಗಿ ನಾನು ಐರ್ಲೆಂಡಿನ ಡಬ್ಲಿನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಫೆಬ್ರುವರಿಯಲ್ಲಿ ಪ್ರವೇಶಪತ್ರ ಬಂದಾಗ ಅಪ್ಪನ ಖುಷಿ ಹೇಳತೀರದು. ಒಂದು ವರ್ಷದ ಮಾಸ್ಟರ್ಸ್, ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಲು ಅವಕಾಶ. ಸೀಟು ಉಳಿಸಿಕೊಳ್ಳಲು ಜೂನ್ ಹದಿನೈದರೊಳಗೆ ಶುಲ್ಕದ ಮೊದಲ ಕಂತು ಕಟ್ಟಬೇಕು. ಉಳಿದದ್ದಕ್ಕೆ ಬ್ಯಾಂಕಿನ ಸಾಲ.

"ಮಂದೆ ಮಾರ್ತೀನಿ," ಎಂದ ಅಪ್ಪ, ಬೀಡಿ ಹಚ್ಚುವಷ್ಟು ಸಲೀಸಾಗಿ.

"ಯಾವ್ ಮಂದೆ?" ಎಂದೆ ನಾನು, ನಮಗೆ ನಾಲ್ಕಾರು ಮಂದೆ ಇವೆಯೇನೋ ಎಂಬಂತೆ.

"ಇರೋದೇ ಒಂದು. ಎಲ್ಲಾನೂ. ಚಳ್ಳಕೆರೆ ಮಾರುತೇಶ ಒಟ್ಟಿಗೇ ಹೊಡ್ಕಂಡ್ ಹೋಗ್ತಾನಂತೆ."

ಅಜ್ಜಿ ಆಗ ಕಂಬಳಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಎದ್ದು ರೊಪ್ಪದ ಕಡೆ ಹೋದಳು. ನಾನು ವಿದೇಶಕ್ಕೆ ಹೋದರೆ ಅಜ್ಜಿ ಸಂಜೆ ಬಾಗಿಲಲ್ಲಿ ನಿಂತು ಯಾರ ಮುಖ ನೋಡಬೇಕು? ಹೋಗದಿದ್ದರೆ ನಾನು ಇನ್ನೆಷ್ಟು ವರ್ಷ ಬಿಕಾಂ ಹುಡುಗರಿಗೆ ಕೂಡಿಸುವುದು ಕಳೆಯುವುದು ತೋರಿಸಬೇಕು?

ರವಿತೇಜನಿಗೆ ಫೋನ್ ಮಾಡಿದೆ. ಅವನು ನನ್ನ ಎಂಜಿನಿಯರಿಂಗ್ ಸಹಪಾಠಿ, ಮೊಳಕಾಲ್ಮೂರಿನ ರೇಷ್ಮೆ ನೇಕಾರ ಗುರುಸ್ವಾಮಿಯವರ ಮಗ. ಹಿಂದಿನ ವರ್ಷವೇ ಅದೇ ಡಬ್ಲಿನ್ನಿಗೆ ಮಾಸ್ಟರ್ಸ್ ಮಾಡಲು ಹೋಗಿದ್ದ. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ.

"ಏಮಮ್ಮಾ, ನಿಜ ಹೇಳ್ಲಾ, ಸಮಾಧಾನ ಹೇಳ್ಲಾ?" ಎಂದ.

"ನಿಜ."

"ಡಿಗ್ರಿ ಇದ್ರೆ ವೀಸಾ ಸಿಗ್ತೈತೆ, ಬಾಗ್ಲು ತೆಗೀತಾರೆ. ಒಳಗೆ ಹೋದ್ಮೇಲೆ ಇಲ್ಲೂ ಅದೇ ಕೇಳ್ತಾರೆ, ನೀನು ಸ್ವಂತ ಏನ್ ಮಾಡಿದೀಯ ಅಂತ. ನನ್ ಕ್ಲಾಸ್ನಾಗೆ ನೂರಾ ಮೂವತ್ತು ಜನ. ಕೆಲ್ಸ ಸಿಕ್ಕಿರೋದು ಎಲ್ಲಾರ್ಗೂ ಅಲ್ಲ. ಆದ್ರೆ ಒಂದ್ ಮಾತು. ಇಲ್ಲಿ ಮೇಷ್ಟ್ರು ನಮ್ ಕೆಲ್ಸಾನ ಹರಿದು ಹಾಕ್ತಾರೆ. ಇಲ್ಲಿ ತಪ್ಪು, ಇಲ್ಲಿ ಮೋಸ, ಇದನ್ನ ನಂಬಲ್ಲ ಅಂತ. ಆನ್‌ಲೈನ್ನಾಗೆ ಯಾರ್ ಹರೀತಾರೆ ಹೇಳು? ಬಟನ್ ಒತ್ತಿದ್ರೆ ನೂರಕ್ಕೆ ನೂರು. ನಾನ್ ಇಷ್ಟು ದೂರ ಬಂದಿದ್ದು ಆ ಬೈಗುಳಕ್ಕೇ ಅನ್ಸುತ್ತೆ."

ಅವನ ಮಾತು ಮುಳ್ಳಿನ ಹಾಗೆ ನಾಟಿತು. ಅಂದೇ ಅಪ್ಪನ ಹತ್ತಿರ ಒಪ್ಪಂದ ಮಾಡಿಕೊಂಡೆ. ಜೂನ್ ಹದಿನೈದರೊಳಗೆ ನಾನು ಸ್ವಂತದ್ದೊಂದು ಕೆಲಸ ಮಾಡಿ ತೋರಿಸಿ, ಅದರಿಂದ ಇಲ್ಲೇ ಕೆಲಸ ಹಿಡಿದರೆ ಮಂದೆ ಉಳಿಯುತ್ತದೆ. ಇಲ್ಲದಿದ್ದರೆ ಮಾರುತೇಶ ಬಂದು ಹೊಡೆದುಕೊಂಡು ಹೋಗಲಿ, ನಾನು ಬಾಯಿ ಮುಚ್ಚಿಕೊಂಡು ವಿಮಾನ ಹತ್ತುತ್ತೇನೆ. ಅಪ್ಪ ಒಪ್ಪಿದ. ಸೋಲುವುದು ನಾನೇ ಎಂದು ಅವನಿಗೆ ಖಾತ್ರಿಯಿತ್ತು.

ಸ್ವಂತ ಕೆಲಸ ಯಾವುದು ಎಂದು ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಅದು ರೊಪ್ಪದಲ್ಲಿ ಮೆಲುಕು ಹಾಕುತ್ತಿತ್ತು. ಕುರಿ ವ್ಯಾಪಾರದಲ್ಲಿ ತಕ್ಕಡಿ ಯಾರೂ ತರುವುದಿಲ್ಲ. ಕೊಳ್ಳುವವನು ಬೆನ್ನು ಅಮುಕಿ, ಸೊಂಟ ಹಿಡಿದು, ಮುಖ ಸಿಂಡರಿಸಿ "ಮೂವತ್ತು ಕೆಜಿ ಬರಬೋದು" ಎನ್ನುತ್ತಾನೆ. ಅದು ಮೂವತ್ನಾಲ್ಕು ಇರುತ್ತದೆ. ಫೋನಿನಲ್ಲಿ ಫೋಟೊ ತೆಗೆದರೆ ತೂಕ ಹೇಳುವ ಮಾಡೆಲ್ ಒಂದನ್ನು ತಯಾರಿಸಿದರೆ? ನೂರಾರು ಫೋಟೊಗಳನ್ನೂ ಅವುಗಳ ನಿಜ ತೂಕವನ್ನೂ ಕಂಪ್ಯೂಟರಿಗೆ ತೋರಿಸಿ ಕಲಿಸಬೇಕು, ಆಮೇಲೆ ಅದು ನೋಡದ ಫೋಟೊ ಕೊಟ್ಟು ಪರೀಕ್ಷಿಸಬೇಕು. ಕಲಿಸಲು ಬೇಕಾದ ದೊಡ್ಡ ಯಂತ್ರ ಇಂಟರ್‌ನೆಟ್ಟಿನಲ್ಲಿ ದಿನಕ್ಕಿಷ್ಟು ಹೊತ್ತು ಬಿಟ್ಟಿ ಸಿಗುತ್ತದೆ.

ಈರುಳ್ಳಿ ಮಂಡಿಯಿಂದ ಕೊಕ್ಕೆಯಿರುವ ಡಿಜಿಟಲ್ ತಕ್ಕಡಿ ಕೇಳಿ ತಂದೆ. ಗೋಣಿಚೀಲಕ್ಕೆ ಕಾಲು ತೂರುವ ತೂತು ಮಾಡಿ ಜೋಲಿ ಹೊಲಿದೆ. ದಿನಾ ಬೆಳಿಗ್ಗೆ, ಮೇಯಲು ಬಿಡುವ ಮುಂಚೆ, ಹೊಟ್ಟೆ ಖಾಲಿಯಿರುವಾಗ ಏಳೆಂಟು ಕುರಿ ತೂಗುವುದು, ಫೋಟೊ ತೆಗೆಯುವುದು, ಬರೆಯುವುದು. ಕಿವಿಗೆ ನಂಬರಿನ ಓಲೆ ಹಾಕೋಣ, ಬೆನ್ನಿಗೆ ಬಣ್ಣದಲ್ಲಿ ನಂಬರ್ ಬರೆಯೋಣ ಎಂದೆ. ಅಜ್ಜಿ ಕೈಯಲ್ಲಿದ್ದ ಮೊರ ಎತ್ತಿದಳು.

"ನಂಬರ್ ಬರೆದ್ರೆ ಎಣಿಸ್ದಂಗೇ ಅಲ್ವೇನೇ? ನಿನ್ ಬಣ್ಣ ತಗಂಡು ಗೋಡೆಗೆ ಬಳ್ಕ."

ಹಾಗಾಗಿ ನಂಬರಿಲ್ಲದೆ ಬರೆದೆ. ದಿನಾಂಕ, ಫೋಟೊ, ತೂಕ. ಅದೇ ನನ್ನ ಇಡೀ ಪುರಾಣದ ಎಡವಟ್ಟು, ಆದರೆ ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಏಪ್ರಿಲ್ ಕೊನೆಗೆ ನಾನೂರಾ ಹನ್ನೆರಡು ಫೋಟೊ ಆದವು. ಪಾಠದಲ್ಲಿ ಹೇಳಿದಂತೆ ಅವನ್ನು ಕಲೆಸಿ, ಐದರಲ್ಲಿ ಒಂದು ಪಾಲು ಪರೀಕ್ಷೆಗೆಂದು ಬದಿಗಿಟ್ಟು, ಉಳಿದದ್ದರಲ್ಲಿ ಕಲಿಸಿದೆ. ಪರೀಕ್ಷೆ ಮಾಡಿದರೆ ಸರಾಸರಿ ತಪ್ಪು ಒಂದು ಕೆಜಿಗಿಂತ ಕಡಿಮೆ! ಒಂಬೈನೂರು ಗ್ರಾಂ! ನಾನು ಕುಣಿದಾಡಿದೆ. ಅವ್ವ ಶೇಂಗಾ ಸುಲಿಯುತ್ತಿದ್ದವಳು "ಏನಾಯ್ತೇ, ಚೇಳು ಕಡೀತಾ?" ಎಂದಳು.

ಮರುದಿನವೇ ಚಳ್ಳಕೆರೆ, ಅಲ್ಲಿಂದ ಮೊಳಕಾಲ್ಮೂರು, ಅಲ್ಲಿಂದ ಸಿದ್ದಾಪುರ ಬಸ್ಸು ಹಿಡಿದೆ. ಅಲ್ಲಿ ನನ್ನ ಸೋದರತ್ತೆಯ ಗಂಡ ಕ್ಯಾತಣ್ಣ ಮಾಮನ ಮಂದೆ ಇದೆ. ಬೆಟ್ಟದ ಬುಡದಲ್ಲಿ ನಾಲ್ಕಾರು ಕುರಿಗಾರರು ಸೇರಿದ್ದರು, ನನಗೆ ಅಂಥ ಸಭೆಯೇ ಬೇಕಿತ್ತು. ಮಾಮ ಒಂದು ಟಗರು ಹಿಡಿದು ನಿಲ್ಲಿಸಿದ. ಫೋಟೊ ತೆಗೆದೆ. ಫೋನು ಹೇಳಿತು: ಇಪ್ಪತ್ತೊಂಬತ್ತು ಕೆಜಿ.

ತೂಗಿದರೆ ನಲವತ್ತಾರು.

ಎರಡನೆಯದಕ್ಕೆ ಏಳು ಕೆಜಿ ಹೆಚ್ಚು ಹೇಳಿತು, ಮೂರನೆಯದಕ್ಕೆ ಒಂಬತ್ತು ಕಡಿಮೆ. ಐದನೆಯ ಹೊತ್ತಿಗೆ ಕುರಿಗಾರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಳಿಯಾ, ಈ ಫೋನು ಕೊಳ್ಳೋರ್ ಕಡೇದಾ, ಮಾರೋರ್ ಕಡೇದಾ?" ಎಂದು ಅವರಲ್ಲೊಬ್ಬ ಮಾಮನನ್ನು ಕೇಳಿದ. ಮಾಮ ನನ್ನ ಮುಖ ನೋಡಿ ನಗು ನುಂಗಿಕೊಂಡ, ಅದು ಇನ್ನೂ ಅವಮಾನವಾಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಮನೆಯಲ್ಲಿ ಒಂಬೈನೂರು ಗ್ರಾಂ ತಪ್ಪುವ ಮಾಡೆಲ್ಲು ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆ ಹದಿನೇಳು ಕೆಜಿ ಯಾಕೆ ತಪ್ಪಬೇಕು?

ಮರುದಿನ ಬೆಳಿಗ್ಗೆ ರೊಪ್ಪದ ಕಟ್ಟೆಯ ಮೇಲೆ ಕೂತು, ಪರೀಕ್ಷೆಗೆ ಇಟ್ಟಿದ್ದ ಫೋಟೊಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಬಂದು ಕೂತು ಇಣುಕಿದಳು.

"ಇವ್ಳು ಕೆಂಚಿ," ಎಂದಳು. ನಾನು ಬೆರಳಾಡಿಸಿದೆ. "ಇವ್ಳು ಮೋಟಗಿವಿ. ಇದು ಕರಿಮೂತಿ. ಇದೂ ಕೆಂಚಿ. ಇದು ಚುಕ್ಕಿ ಮಗಳು. ಇದೂ ಕೆಂಚೀನೇ, ಆವತ್ತು ಕೆಸರಾಗೆ ಬಿದ್ದಿದ್ಳು." ಐದಾರು ಫೋಟೊ ಆದ ಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅಲ್ಲ ಕಣೇ, ಕೆಂಚೀನ ಎಷ್ಟು ಸಲ ಹಿಡ್ದಿದೀಯ? ಅದಕ್ಕೇ ಪಾಪ, ನಿನ್ ಕಂಡ್ರೆ ಓಡ್ತೈತೆ!"

ಫೋಟೊಗಳನ್ನು ಮತ್ತೆ ಮೊದಲಿನಿಂದ ತಿರುವಿದೆ.

ಕೆಂಚಿ ಸಾಧು. ಶೇಂಗಾ ಹಿಂಡಿ ತೋರಿಸಿದರೆ ತಾನೇ ಬಂದು ಜೋಲಿಗೆ ನಿಲ್ಲುತ್ತಿತ್ತು. ಹಾಗಾಗಿ ಬೆಳಿಗ್ಗೆ ಬೆಳಿಗ್ಗೆ ಅದನ್ನೇ ಹಿಡಿದಿದ್ದೆ, ಅದರಂಥ ಸಾಧುಗಳನ್ನೇ ಹಿಡಿದಿದ್ದೆ. ನಂಬರಿಲ್ಲದ ನನ್ನ ಪಟ್ಟಿಯಲ್ಲಿ ಅದು ಪ್ರತಿ ಸಲವೂ ಹೊಸ ಕುರಿ. ಫೋಟೊಗಳನ್ನು ಕಲೆಸಿದಾಗ ಕೆಂಚಿಯ ಹತ್ತು ಫೋಟೊ ಕಲಿಯುವ ಕಡೆಗೆ, ಮೂರು ಫೋಟೊ ಪರೀಕ್ಷೆಯ ಕಡೆಗೆ. ಮಾಡೆಲ್ಲು ತೂಕ ಅಂದಾಜು ಮಾಡುವುದನ್ನು ಕಲಿತೇ ಇರಲಿಲ್ಲ. ಕೆಂಚಿಯ ಮಚ್ಚೆ ನೋಡಿ, ಓ ಇದು ಮೂವತ್ತೆರಡು ಕೆಜಿಯದು ಎಂದು ಗುರುತು ಹಿಡಿಯುವುದನ್ನು ಕಲಿತಿತ್ತು. ಕಲಿಸಿದ್ದನ್ನೇ ಪರೀಕ್ಷೆಗೆ ಕೊಡಬಾರದು ಎಂದು ನಾನು ಎರಡು ಕೋರ್ಸುಗಳಲ್ಲಿ ಓದಿ, ಸರಿಯುತ್ತರ ಬರೆದು, ಪೂರ್ತಿ ಅಂಕ ತೆಗೆದುಕೊಂಡಿದ್ದೆ. ನನ್ನದೇ ರೊಪ್ಪದಲ್ಲಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬರೀ ಫೋಟೊ ನೋಡಿಕೊಂಡು ಅಜ್ಜಿ ನನ್ನ ಕೆಲಸವನ್ನು ಹರಿದು ಹಾಕಿದಳು.

"ಅಜ್ಜಿ, ಎಲ್ಲಾ ಫೋಟೋಗೂ ಹೆಸ್ರು ಹೇಳ್ತೀಯಾ?"

"ಹೆಸ್ರು ಹೇಳಾಕೆ ಏನು ಕಷ್ಟ? ನಂಬರ್ ಕೇಳ್ಬೇಡ ಅಷ್ಟೆ."

ನಾಲ್ಕು ದಿನ ಬೆಳಿಗ್ಗೆ ಕೂತು ನಾನೂರಾ ಹನ್ನೆರಡಕ್ಕೂ ಹೆಸರು ಹೇಳಿದಳು. ಎರಡು ಫೋಟೊಗಳಿಗೆ ಮಾತ್ರ "ಇದು ನಮ್ದಲ್ಲ" ಎಂದಳು. ವಿಚಾರಿಸಿದರೆ ಅದು ಪಕ್ಕದ ದೊಡ್ಡೀರಪ್ಪನ ಕುರಿ, ಒಂದು ದಿನ ನಮ್ಮ ಮಂದೆಯಲ್ಲಿ ಸೇರಿಕೊಂಡಿತ್ತು. ಹೆಸರುಗಳನ್ನು ಪಟ್ಟಿಗೆ ಸೇರಿಸಿ ಓಡಿಸಿದಾಗ, ಒಟ್ಟು ಎಷ್ಟು ಬೇರೆ ಬೇರೆ ಹೆಸರು ಎಂದು ಕಂಪ್ಯೂಟರು ತಾನಾಗಿಯೇ ಎಣಿಸಿ ತೋರಿಸಿತು. ತಟ್ಟನೆ ಆ ಜಾಗದ ಮೇಲೆ ಕೈ ಇಟ್ಟೆ. ಆ ಸಂಖ್ಯೆಯನ್ನು ಇಲ್ಲಿಯೂ ಬರೆಯುವುದಿಲ್ಲ, ಅಜ್ಜಿಗೆ ಯಾರಾದರೂ ಓದಿ ಹೇಳಿಬಿಟ್ಟರೆ ಕಷ್ಟ.

ಈಗ ಒಂದು ಹೆಸರಿನ ಕುರಿ ಒಂದೋ ಕಲಿಯುವ ಕಡೆ, ಇಲ್ಲವೇ ಪರೀಕ್ಷೆಯ ಕಡೆ, ಎರಡೂ ಕಡೆ ಇರಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ತಪ್ಪು ಒಂಬೈನೂರು ಗ್ರಾಂನಿಂದ ಐದು ಕೆಜಿಗೆ ಏರಿತು. ಬೆನ್ನು ಅಮುಕುವ ದಲ್ಲಾಳಿಯೇ ಇದಕ್ಕಿಂತ ವಾಸಿ. ರವಿತೇಜನಿಗೆ ಹೇಳಿದೆ, ಅವನು ಮರುಗುತ್ತಾನೆಂದುಕೊಂಡರೆ ಚಪ್ಪಾಳೆ ತಟ್ಟಿದ.

"ನೀನ್ ಇದುವರ್ಗೂ ಹೇಳಿದ್ರಾಗೆ ಇದೇ ಮೊದಲ್ನೇ ನಿಜವಾದ ನಂಬರು. ನಮ್ ಮೇಷ್ಟ್ರು ಮಾಡೋದನ್ನ ನಿಮ್ಮಜ್ಜಿ ಮಾಡವ್ರೆ. ಅವ್ರ ಫೀಸ್ ಎಷ್ಟಂತೆ?"

ಐದು ಕೆಜಿಯನ್ನು ಇಳಿಸುವ ದಾರಿ ತೋರಿಸಿದವನು ಅಪ್ಪ. ತೋರಿಸಬೇಕೆಂದು ತೋರಿಸಲಿಲ್ಲ, ಹಂಗಿಸಲು ಹೇಳಿದ. "ಅಲ್ಲವ್ವಾ, ದೂರ ನಿಂತು ಹಿಡಿದ್ರೆ ಟಗರೂ ಮರಿ ಥರ ಕಾಣ್ತೈತೆ. ಯಾವುದು ಎಷ್ಟು ಉದ್ದ ಅಂತ ಫೋನಿಗೇನು ಗೊತ್ತು? ನನ್ ಕೋಲಾದ್ರೂ ಪಕ್ಕದಾಗೆ ನಿಲ್ಸು, ಅಳತೆ ಸಿಗ್ತೈತೆ." ಅಪ್ಪ ಹೆಗಲ ಮೇಲೆ ಅಡ್ಡ ಹಾಕಿಕೊಳ್ಳುವ ಬಿದಿರಿನ ಕೋಲು. ಅಳೆದೆ, ಒಂದು ಮೀಟರ್ ನಲವತ್ತೆರಡು ಸೆಂಟಿಮೀಟರ್. ಆ ಕ್ಷಣದಲ್ಲಿ ಅಪ್ಪನ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಮಂದೆ ಮಾರುವುದು ಸುಲಭವಾಗುತ್ತದೆಂದು ಬೀಳಲಿಲ್ಲ.

ಹಳೆಯ ಫೋಟೊಗಳನ್ನು ಬಿಟ್ಟು ಮತ್ತೆ ಮೊದಲಿನಿಂದ ಶುರು. ಕಾಲೇಜಿಗೆ ಬೇಸಿಗೆ ರಜೆ, ಪುಣ್ಯ. ಪ್ರತಿ ಕುರಿಯ ಪಕ್ಕದಲ್ಲಿ ಕೋಲು ನಿಲ್ಲಿಸಿ ಫೋಟೊ. ನಮ್ಮ ಮಂದೆ ಮುಗಿಸಿ ಸಿದ್ದಾಪುರಕ್ಕೆ ಮತ್ತೆ ಹೋದೆ. ನಕ್ಕವರೇ ಕುರಿ ಹಿಡಿದುಕೊಟ್ಟರು. ಮಾಮ ತನ್ನ ಮಂದೆಗೆಲ್ಲ ಹೆಸರು ಹೇಳಿದ. ಆಮೇಲೆ ಗೌರಸಮುದ್ರದಲ್ಲಿ ಅವ್ವನ ತವರಿನವರ ಮಂದೆ. ಒಂದೊಂದು ಮಂದೆಯಲ್ಲೂ ಒಬ್ಬ ಅಜ್ಜಿಯೋ ಮಾಮನೋ ಹೆಸರು ಹೇಳುವವರು ಇದ್ದೇ ಇದ್ದರು. ಎರಡು ಮಂದೆಯಲ್ಲಿ ಕಲಿಸಿ, ಮೂರನೆಯದನ್ನು ಪೂರ್ತಿಯಾಗಿ ಪರೀಕ್ಷೆಗೆ ಇಟ್ಟೆ. ಕಂಡೇ ಇರದ ಮಂದೆಯಲ್ಲಿ ಸರಾಸರಿ ತಪ್ಪು ಎರಡೂಕಾಲು ಕೆಜಿ. ಈ ಸಲ ಕುಣಿಯಲಿಲ್ಲ. ಮೂರು ಸಲ ತಿರುಗಿ ನೋಡಿದೆ, ಆಮೇಲೆ ಅಜ್ಜಿಗೆ ತೋರಿಸಿದೆ. ಅವಳು ಫೋಟೊಗಳನ್ನೆಲ್ಲ ನೋಡಿ "ಈಗ ಯಾರೂ ಎರಡ್ ಕಡೆ ಇಲ್ಲ" ಎಂದಳು. ಆಮೇಲಷ್ಟೇ ನಂಬಿದೆ.

ಎಲ್ಲವನ್ನೂ ಬರೆದು ಇಂಟರ್‌ನೆಟ್ಟಿನಲ್ಲಿ ಹಾಕಿದೆ. ಒಂಬೈನೂರು ಗ್ರಾಂನ ಸುಳ್ಳು ಸಂಖ್ಯೆಯನ್ನು ಮುಚ್ಚಿಡಲಿಲ್ಲ. ಅದನ್ನೇ ಮೊದಲು ಬರೆದು, ಅದು ಹೇಗೆ ಸುಳ್ಳಾಯಿತು, ಯಾರು ಹಿಡಿದರು ಎಂದು ಹೇಳಿದೆ. ಅದನ್ನು ಕುರಿ ಮೇಕೆಗಳಿಗೆ ವಿಮೆ ಮಾಡಿಸಿಕೊಡುವ ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೂ ಕಳಿಸಿದೆ. ನಲವತ್ತೆರಡನೆಯ ಅರ್ಜಿ.

ಇತ್ತ ಮಾರುತೇಶ ಬಂದು ಮಂದೆ ನೋಡಿ, ಬೆನ್ನು ಅಮುಕಿ, ಮುಖ ಸಿಂಡರಿಸಿ, ಜೂನ್ ಹದಿನಾಲ್ಕಕ್ಕೆ ಲಾರಿ ತರುತ್ತೇನೆಂದು ಹೇಳಿ ಹೋದ. ಅವನು ಹೋದ ಮೇಲೆ ಅಜ್ಜಿ ಕೆಂಚಿಯ ಕತ್ತು ತಬ್ಬಿಕೊಂಡು ಕೂತಿದ್ದಳು.

ಜೂನ್ ಹತ್ತಕ್ಕೆ ಕಂಪನಿಯಿಂದ ಕರೆ ಬಂತು. ವೀಡಿಯೊ ಸಂದರ್ಶನ, ಮಾರನೆಯ ದಿನ ಬೆಳಿಗ್ಗೆ. ಮಾತಾಡಿದವರು ಅಲ್ಲಿನ ಡೇಟಾ ತಂಡದ ಮುಖ್ಯಸ್ಥೆ ವೀಣಾ ಮೇಡಂ.

"ನಮಗೆ ಬರೋ ಅರ್ಜೀಲಿ ಎಲ್ಲರೂ ತೊಂಬತ್ತೊಂಬತ್ತು ಪರ್ಸೆಂಟ್ ಅಂತ ಬರೀತಾರೆ. ನೀವು ಒಬ್ಬರೇ, ನನ್ನ ಮೊದಲ ಸಂಖ್ಯೆ ಸುಳ್ಳು ಅಂತ ಶುರು ಮಾಡಿರೋದು. ಯಾಕೆ?" ಎಂದು ಕೇಳಿದರು.

"ಸುಳ್ಳು ಆಗಿತ್ತಲ್ಲ ಮೇಡಂ," ಎಂದೆ.

ಅವರು ನಕ್ಕರು. ಆಮೇಲೆ ಮುಕ್ಕಾಲು ಗಂಟೆ ಬೆವರಿಳಿಸಿದರು. ಮಳೆಗಾಲದಲ್ಲಿ ಉಣ್ಣೆ ನೆನೆದರೆ? ಗಬ್ಬದ ಕುರಿಯಾದರೆ? ಕೋಲು ಓರೆಯಾದರೆ? ಗೊತ್ತಿದ್ದಕ್ಕೆ ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದೆ. ಕೊನೆಗೆ ಅವರು "ಈಗ, ಇಲ್ಲೇ, ಒಂದು ಕುರಿ ತೂಗಿ ತೋರಿಸ್ತೀರಾ? ನಿಮ್ಮ ಮಾಡೆಲ್ ನೋಡಿರದ ಕುರಿ ಆಗಿರ್ಬೇಕು" ಎಂದರು.

ಫೋನು ಹಿಡಿದು ರೊಪ್ಪಕ್ಕೆ ಓಡಿದೆ. ಅಜ್ಜಿ ಕೋಲೂರಿಕೊಂಡು ದೊಡ್ಡೀರಪ್ಪನ ಮಂದೆಯಿಂದ ಒಂದು ಕುರಿ ಆರಿಸಿದಳು, ಅಪ್ಪ ಅದನ್ನು ಹಿಡಿದು ಪಕ್ಕಕ್ಕೆ ಕೋಲು ನಿಲ್ಲಿಸಿದ. ಸಂದರ್ಶನ ಎಂದರೆ ಹೀಗೂ ಇರುತ್ತದಾ ಎಂದು ಅವನಿಗೆ ಗಾಬರಿ. ಅವ್ವನ ಫೋನಿನಲ್ಲಿ ಫೋಟೊ ತೆಗೆದೆ. ಮಾಡೆಲ್ಲು ಮೂವತ್ತೊಂಬತ್ತು ಎಂದಿತು.

"ಮೂವತ್ತೊಂಬತ್ತು ಮೇಡಂ, ಆದ್ರೆ ಮೂವತ್ತೈದರಿಂದ ನಲವತ್ಮೂರರ ಒಳಗೆ ಎಲ್ಲಾದ್ರೂ ಇರಬೋದು. ಹತ್ತರಲ್ಲಿ ಒಂದು ಸಲ ಅದರಾಚೆಗೂ ಹೋಗುತ್ತೆ," ಎಂದೆ.

ಅಜ್ಜಿಗೆ ತಡೆಯಲಾಗಲಿಲ್ಲ. ಕುರಿಯ ಬೆನ್ನ ಮೇಲೆ ಕೈಯಿಟ್ಟು "ಮೂವತ್ತೇಳು ಕಣಮ್ಮ" ಎಂದು ನೇರವಾಗಿ ವೀಣಾ ಮೇಡಂಗೇ ಹೇಳಿದಳು. ಅಪ್ಪ ಜೋಲಿ ಎತ್ತಿದ. ತಕ್ಕಡಿ ತೋರಿಸಿದ್ದು ಮೂವತ್ತೇಳು ಕೆಜಿ ಇನ್ನೂರು ಗ್ರಾಂ.

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. "ಫೋಟೊ ನೋಡಿ ಗುರುತು ಹಿಡಿದಿದ್ದು ಇವರೇನಾ? ಅಜ್ಜಿ, ನಿಮಗೆ ಕೆಲವು ಫೋಟೊ ಕಳಿಸ್ಲಾ?" ಎಂದರು. ಅವರು ವಿಮೆ ಮಾಡಿಸಿದ ಕುರಿಗಳಿಗೆ ಕಿವಿಯೋಲೆಯ ನಂಬರಿದೆಯಂತೆ. ಆದರೆ ಓಲೆ ಬಿದ್ದುಹೋಗುತ್ತದೆ, ಹೊಸದು ಹಾಕುತ್ತಾರೆ, ಒಂದೇ ಕುರಿ ಎರಡು ನಂಬರಿನಲ್ಲಿ ಸೇರಿಕೊಂಡಿರುತ್ತದೆ. ನನ್ನ ಬರಹ ಓದಿದ ಮೇಲೆ ಅವರಿಗೆ ತಮ್ಮ ಸಂಖ್ಯೆಗಳ ಮೇಲೇ ಅನುಮಾನ ಬಂದಿತ್ತು. ಐವತ್ತು ಫೋಟೊ ಕಳಿಸಿದರು. ಅಜ್ಜಿ ಕಂಡಿರದ ಯಾವುದೋ ಊರಿನ ಕುರಿಗಳು. ಮಧ್ಯಾಹ್ನದೊಳಗೆ ಅವಳು ಆರು ಜೋಡಿ ಹುಡುಕಿಕೊಟ್ಟಳು. "ಇದೂ ಇದೂ ಒಂದೇ. ಮೂಗಿನ್ ಸೊಟ್ಟ ನೋಡಲ್ವಾ? ಎಂಥ ಕಂಪನಿನವ್ವಾ ಇದು."

ಜೂನ್ ಹದಿಮೂರು, ಬೆಳಿಗ್ಗೆ ಹನ್ನೊಂದು. ಮೇಲ್ ಬಂತು. ಡೇಟಾ ಸೈನ್ಸ್ ತಂಡದಲ್ಲಿ ಕೆಲಸ. ಮೊದಲ ವರ್ಷ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕಿನ ಮಂದೆಗಳಲ್ಲೇ ಓಡಾಡಿ ಮಾಹಿತಿ ಕಟ್ಟಬೇಕು, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಕೆಲಸ ಒಪ್ಪಿಸಬೇಕು. ಗೆದ್ದೆ ಎಂದು ಕೂಗಿದೆ. ಹಟ್ಟಿಯ ನಾಯಿಗಳೆಲ್ಲ ಬೊಗಳಿದವು.

ಅಪ್ಪ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದ. "ಕೆಲ್ಸ ಸಿಕ್ತು, ಸಂತೋಷ. ಆದ್ರೆ ನಾಳೆ ಯಾರಾದ್ರೂ ಎಲ್ಲಿ ಓದಿದೆ ಅಂದ್ರೆ ಏನಂತೀಯ? ಫೋನ್ನಾಗೆ ಅಂತೀಯ? ಇನ್ನೂ ಎರಡು ದಿನ ಐತೆ. ಫಾರಿನ್ ಕಾಗದ ಕೈಗೆ ಬಂದಿರೋದು ನಮ್ ಹಟ್ಟೀಗೇ ಮೊದ್ಲು. ಬಿಟ್ರೆ ಮತ್ತೆ ಸಿಗಲ್ಲವ್ವಾ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ಒಪ್ಪಂದದ ಪ್ರಕಾರ ಗೆದ್ದಿದ್ದರೂ ಅಪ್ಪನ ಮನಸ್ಸು ಗೆಲ್ಲದೆ ಮಂದೆ ಉಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಆಗ ಇನ್ನೊಂದು ಮೇಲ್ ಬಂತು. ಓದಿದೆ, ಮತ್ತೆ ಓದಿದೆ. ಏನೂ ಹೇಳದೆ ಸೈಕಲ್ ಹತ್ತಿ ಪರಶುರಾಂಪುರಕ್ಕೆ ಹೋಗಿ, ಝೆರಾಕ್ಸ್ ಅಂಗಡಿಯಲ್ಲಿ ಎರಡು ಪತ್ರಗಳನ್ನೂ ಪ್ರಿಂಟ್ ಹಾಕಿಸಿ ತಂದು, ಎರಡನೆಯದನ್ನು ಅಪ್ಪನ ಕೈಗಿಟ್ಟೆ. ಕಂಪನಿಯ ಮುದ್ರೆ, ಕೆಳಗೆ ಸಹಿ, ಕನ್ನಡದಲ್ಲಿ ಬರೆದದ್ದು. ಅಪ್ಪ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದ.

"ಶ್ರೀಮತಿ ಪಾತಮ್ಮನವರಿಗೆ. ನಮ್ಮ ಸಂಸ್ಥೆಯ ಕುರಿಗಳ ಗುರುತು ಹಿಡಿಯುವ ಕೆಲಸಕ್ಕೆ ಪರಿಣತರಾಗಿ ಆರು ತಿಂಗಳ ಅವಧಿಗೆ ತಮ್ಮನ್ನು ನೇಮಿಸಲು..." ಅಲ್ಲಿಗೆ ನಿಂತ. ತಾಯಿಯ ಮುಖ ನೋಡಿದ. ಕಾಗದ ನೋಡಿದ. ಕೊನೆಯ ಸಾಲಿನಲ್ಲಿ ವಿದ್ಯಾರ್ಹತೆ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು, ನಾವೇ ತುಂಬಲಿ ಎಂದು. ಅಲ್ಲಿ ಅವನ ಬೆರಳು ನಿಂತಿತು.

"ಏನು ಬರ್ದವ್ರೆ ಅದ್ರಾಗೆ?" ಎಂದು ಅಜ್ಜಿ ಕೇಳಿದಳು.

"ನೀನ್ ಎಲ್ಲಿ ಓದಿದೀಯ ಅಂತ ಕೇಳ್ತಾರೆ," ಎಂದ ಅಪ್ಪ.

"ರೊಪ್ಪದಾಗೆ ಅಂತ ಬರಿ. ಅದ್ರಾಗೇನು ನಾಚ್ಕೆ?"

ಅಪ್ಪ ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಕಾಗದವನ್ನು ತೊಡೆಯ ಮೇಲಿಟ್ಟು, ದಪ್ಪ ಅಕ್ಷರದಲ್ಲಿ ಹಾಗೆಯೇ ಬರೆದ. ಆಮೇಲೆ ಮಾರುತೇಶನಿಗೆ ಫೋನ್ ಹಚ್ಚಿದ.

"ಲೇ ಮಾರುತೇಶ, ನಾಳೆ ಲಾರಿ ತರಬ್ಯಾಡ. ಮಂದೆ ಕೊಡಲ್ಲ... ಹೂನಲೇ, ಅವ್ಳು ಫಾರಿನ್ನಿಗೆ ಹೋಗಲ್ಲ... ಯಾಕಂದ್ರೆ ನನ್ ಮಗಳ ಕಾಲೇಜು ಇಲ್ಲೇ ಐತೆ. ಕಾಲೇಜು ಮಾರಿ ಮಗಳನ್ನ ಓದ್ಸು ಅಂತೀಯಾ?"

ವಿಶ್ವವಿದ್ಯಾಲಯಕ್ಕೆ ಆ ಸಂಜೆಯೇ ಬರೆದೆ. ಈ ವರ್ಷ ಬರುತ್ತಿಲ್ಲ, ಮುಂದೆ ಬಂದರೆ ನನ್ನದೇ ಪ್ರಶ್ನೆ ಹಿಡಿದುಕೊಂಡು ಬರುತ್ತೇನೆ ಎಂದು. ರವಿತೇಜನಿಗೆ ಹೇಳಿದರೆ ಅವನು ಎರಡೂ ಭಾಷೆಯಲ್ಲಿ ಕುಣಿದ. ಅವನ ಡಿಗ್ರಿ ಅವನಿಗೆ ಒದಗಿ ಬರಲಿ, ಅವನಿಗೆ ಅಲ್ಲಿ ಹರಿದು ಹಾಕುವ ಮೇಷ್ಟರು ಸಿಕ್ಕಿದ್ದಾರೆ. ನನಗೆ ಸಿಕ್ಕವಳು ರೊಪ್ಪದ ಬಾಗಿಲಲ್ಲಿ ನಿಂತಿದ್ದಳು.

ಮಂದೆ ಧೂಳೆಬ್ಬಿಸಿಕೊಂಡು ಬಂತು. ಮೋಟಗಿವಿ, ಕರಿಮೂತಿ, ಚುಕ್ಕಿ, ಚುಕ್ಕಿಯ ಮಗಳು. ಅಜ್ಜಿ ಒಬ್ಬೊಬ್ಬರ ಮುಖ ನೋಡಿ ಒಳಗೆ ಬಿಟ್ಟಳು. ಕೆಂಚಿ ನನ್ನನ್ನು ಕಂಡು ಓಡಲು ನೋಡಿತು, ಆಮೇಲೆ ನನ್ನ ಕೈಯಲ್ಲಿದ್ದ ಹಿಂಡಿಯ ವಾಸನೆ ಹಿಡಿದು ಹತ್ತಿರ ಬಂತು.

"ಎಲ್ಲಾ ಬಂದ್ವಾ?" ಎಂದು ಅಪ್ಪ ದೂರದಿಂದ ಕೂಗಿದ.

ಅಜ್ಜಿ ತಿರುಗಿ ನನ್ನ ಮುಖವನ್ನೂ ಒಮ್ಮೆ ನೋಡಿದಳು. ಮುಳ್ಳಿನ ಬಾಗಿಲು ಎಳೆದಳು.

"ಎಲ್ಲಾರೂ ಬಂದ್ರು," ಎಂದಳು.